5 ತಿಂಗಳ ಮಗುಗೆ ಕೆಮ್ಮು, ಅತ್ತೆ ಜೇನುತುಪ್ಪ ನೆಕ್ಕಿಸ್ತಿದಾರೆ, ಡಾಕ್ಟ್ರು ಬೇಡ್ವೇ ಬೇಡ ಅಂದ್ರು. ಯಾಕೆ?

ಪುಟ್ಟಿಅಮ್ಮ, ಮೈಸೂರು
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 5 ತಿಂಗಳು 10 ದಿನ. ಹೋದ ವಾರದಿಂದ ನೆಗಡಿ, ರಾತ್ರಿ ಮಲಗಿದ್ರೆ ಗೊರ ಗೊರ ಅಂತ ಕೆಮ್ಮು. ಛಿಂದ್ವಾಡಾದಲ್ಲಿ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಬಂದ್ಮೇಲೆ ನಂಗೆ ಕೆಮ್ಮಿನ ಸಿರಪ್ ಅಂದ್ರೇನೇ ಭಯ, ಅದಕ್ಕೆ ಅತ್ತೆ ತುಳಸಿ ರಸಕ್ಕೆ ಜೇನುತುಪ್ಪ ಕಲಸಿ ಬೆರಳಲ್ಲಿ ನೆಕ್ಕಿಸ್ತೀನಿ ಅಂದಾಗ ನಾನೂ ಸರಿ ಅಂದೆ. ದಿನಕ್ಕೆ ಎರಡು ಸಲ, ನಾಲ್ಕು ದಿನ ಆಯ್ತು.

ನಿನ್ನೆ ಡಾಕ್ಟ್ರ ಹತ್ರ ಹೋದಾಗ ಮಾತಿಗೆ ಮಾತು ಬಂದು ಇದನ್ನ ಹೇಳಿದೆ. ಅವ್ರು ಪೆನ್ ಕೆಳಗಿಟ್ಟು "ಒಂದು ವರ್ಷ ಆಗೋ ತನಕ ಜೇನುತುಪ್ಪದ ಹನಿನೂ ಬೇಡ" ಅಂದ್ರು. ಯಾಕೆ ಅಂತ ಕೇಳೋಷ್ಟರಲ್ಲಿ ಮುಂದಿನ ಟೋಕನ್ ಕರೆದಾಗಿತ್ತು. ಮನೆಗೆ ಬಂದು ಹೇಳಿದ್ರೆ ಅತ್ತೆ ಮುಖ ಊದಿಸ್ಕೊಂಡ್ರು, "ನಿನ್ ಗಂಡನಿಗೆ ಹುಟ್ಟಿದ ದಿನಾನೇ ಚಿನ್ನದ ಉಂಗುರ ಅದ್ದಿ ಜೇನು ನೆಕ್ಕಿಸಿದ್ದು, ಏನಾಗಿದೆ ಅವನಿಗೆ" ಅಂತ. ನಮ್ಮದು ಅಂಗಡಿ ಜೇನಲ್ಲ, ಕೊಡಗಿನಿಂದ ಚಿಕ್ಕಮಾವ ತಂದುಕೊಟ್ಟ ಅಪ್ಪಟ ಜೇನು. ಏನು ಅಪಾಯ ಇದರಲ್ಲಿ? ಬಿಸಿ ಮಾಡಿ ಕೊಟ್ರೆ ನಡೆಯುತ್ತಾ? ಮುಖ್ಯವಾಗಿ, ಈಗಾಗ್ಲೇ ನಾಲ್ಕು ದಿನ ಕೊಟ್ಬಿಟ್ಟಿದೀನಲ್ಲ, ಏನ್ ಮಾಡ್ಲಿ?

ಬೆಣ್ಣೆದೋಸೆ
ಕಲಬೆರಕೆ ಇರುತ್ತೆ ಅಂತ ಅಷ್ಟೇ ರೀ. ಸಕ್ಕರೆ ಪಾಕ ಬೆರೆಸಿರ್ತಾರೆ. ಒರಿಜಿನಲ್ ಆದ್ರೆ ಧಾರಾಳವಾಗಿ ಕೊಡಿ.

ರಾಯಚೂರ ಅಣ್ಣ
ನಮ್ಮ ಮನ್ಯಾಗ ಮೂರೂ ಮಕ್ಕಳಿಗೆ ಬಜೆ ತೇದು ಜೇನಿನಾಗ ಕಲಿಸಿ ಕೊಟ್ಟೀವ್ರಿ. ಗಟ್ಟಿಮುಟ್ಟ ಅದಾವ. ಡಾಕ್ಟರ್ ಮಂದಿ ಮಾತ ಕೇಳಿದ್ರ ನೀರೂ ಕುಡಿಸಂಗಿಲ್ಲ.

ಲ್ಯಾಬ್ ರೂಮ್
@ಬೆಣ್ಣೆದೋಸೆ ಅಲ್ಲ ಸರ್, ಕಲಬೆರಕೆಗೂ ಇದಕ್ಕೂ ಸಂಬಂಧಾನೇ ಇಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಾನು ಮೈಕ್ರೋಬಯಾಲಜಿ ಲ್ಯಾಬಲ್ಲೇ ಕೆಲಸ ಮಾಡೋದು.

ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಅಂತ ಒಂದು ಬ್ಯಾಕ್ಟೀರಿಯಾ, ಅದರ ಮನೆ ಮಣ್ಣು. ಕಷ್ಟಕಾಲ ಬಂದ್ರೆ ಅದು ಗಟ್ಟಿ ಸಿಪ್ಪೆ ಹೊದ್ಕೊಂಡು ಬೀಜದ ಥರ ಮಲಗಿಬಿಡುತ್ತೆ, ಅದನ್ನೇ ಸ್ಪೋರ್ ಅನ್ನೋದು. ಮಣ್ಣು, ಧೂಳು, ಹೂವು, ಎಲ್ಲಿಂದಾದ್ರೂ ಜೇನಿಗೆ ಸೇರ್ಕೊಳ್ಳುತ್ತೆ. ಎಲ್ಲ ಬಾಟಲಿಲೂ ಇರುತ್ತೆ ಅಂತಲ್ಲ, ಆದ್ರೆ ಯಾವುದರಲ್ಲಿದೆ ಯಾವುದರಲ್ಲಿಲ್ಲ ಅಂತ ಬಣ್ಣ, ವಾಸನೆ, ರುಚಿ ನೋಡಿ ಹೇಳೋಕಾಗಲ್ಲ. ಜೇನಿನೊಳಗೆ ಅದು ಬೆಳೆಯಲ್ಲ, ಯಾಕಂದ್ರೆ ಅಲ್ಲಿ ಅದಕ್ಕೆ ಸಿಗೋ ನೀರು ತುಂಬಾ ಕಮ್ಮಿ, ಹುಳಿನೂ ಜಾಸ್ತಿ. ಡಬ್ಬಿಲಿರೋ ರಾಗಿ ಥರ ಸುಮ್ನೆ ಕೂತಿರುತ್ತೆ. ರಾಗಿ ಡಬ್ಬಿಲಿ ಮೊಳಕೆ ಬರಲ್ಲ, ನೆನೆ ಹಾಕಿದ್ರೆ ಬರುತ್ತಲ್ಲ, ಹಂಗೆ.

ಆ ನೆನೆ ಹಾಕೋ ಜಾಗ ಪುಟ್ಟ ಮಗುವಿನ ದೊಡ್ಡಕರುಳು. ನಾವು ನೀವು ತಿಂದ್ರೂ ಸ್ಪೋರ್ ಒಳಗೆ ಹೋಗುತ್ತೆ, ಆದ್ರೆ ನಮ್ಮ ಕರುಳು ಸಂಜೆ ಆರು ಗಂಟೆ ಸಿಟಿ ಬಸ್, ಅಷ್ಟು ಬ್ಯಾಕ್ಟೀರಿಯಾ ಆಗ್ಲೇ ತುಂಬ್ಕೊಂಡಿರ್ತವೆ, ಇದಕ್ಕೆ ನಿಲ್ಲೋಕೂ ಜಾಗ ಸಿಗಲ್ಲ, ಹಂಗೇ ಹೊರಗೆ ಹೋಗುತ್ತೆ. ಮಗು ಕರುಳು ಖಾಲಿ ಬಸ್. ಅಲ್ಲಿ ಸೀಟು ಹಿಡಿದು, ಸಿಪ್ಪೆ ಒಡೆದು, ಬೆಳೆದು, ವಿಷ ಬಿಡುತ್ತೆ. ಆ ವಿಷ ರಕ್ತಕ್ಕೆ ಸೇರಿ, ನರ ಸ್ನಾಯುವಿಗೆ ಸಿಗ್ನಲ್ ಕೊಡೋ ಜಾಗದಲ್ಲಿ ಆ ಸಿಗ್ನಲ್ಲನ್ನೇ ಕಟ್ ಮಾಡುತ್ತೆ. ಮಗು ಮೈಯೆಲ್ಲ ಸಡಿಲ ಆಗ್ತಾ ಬರುತ್ತೆ, ಈ ಕಾಯಿಲೆಗೇ ಬಾಟುಲಿಸಮ್ ಅನ್ನೋದು.

ಬೆಣ್ಣೆದೋಸೆ
ಓ. ಹಂಗಾದ್ರೆ ಕಲಬೆರಕೆ ಜೇನೇ ಸೇಫ್ ಅನ್ನಿ 😂

ಲ್ಯಾಬ್ ರೂಮ್
ಅದಕ್ಕೂ ಗ್ಯಾರಂಟಿ ಇಲ್ಲ 😄 ಜೇನಿಗೆ ಮಾಡೋ ಪ್ಯೂರಿಟಿ ಟೆಸ್ಟ್ ಎಲ್ಲ ಸಕ್ಕರೆ ಪಾಕ ಬೆರೆಸಿದಾರಾ ಅಂತ ನೋಡೋದು. ಸ್ಪೋರ್ ಇದೆಯಾ ಅಂತ ಅದು ನೋಡೋದೇ ಇಲ್ಲ. ನೂರಕ್ಕೆ ನೂರು ಶುದ್ಧ ಅಂತ ಸರ್ಟಿಫಿಕೇಟ್ ಇರೋ ಜೇನಲ್ಲೂ ಇರಬಹುದು.

ಜೇನುಪೆಟ್ಟಿಗೆ, ಶಿರಸಿ
ಒಂದ್ನಿಮಿಷ. ನಾನು ಇಪ್ಪತ್ತು ವರ್ಷದಿಂದ ತುಡುವೆ ಸಾಕ್ತಾ ಇದ್ದೇನೆ. ಹೀಗೆ ಜೇನಲ್ಲಿ ವಿಷ ಇದೆ ಅಂತ ಊರೆಲ್ಲ ಹೇಳ್ತಾ ಹೋದ್ರೆ ನಮ್ಮ ಗತಿ ಏನು ಮಾರಾಯ್ರೆ. ಹಿಂಡಿ ತೆಗೆದ ಜೇನು ಬೇರೆ, ಯಂತ್ರದಲ್ಲಿ ತಿರುಗಿಸಿ ತೆಗೆದ ಜೇನು ಬೇರೆ. ಕಾಡಲ್ಲಿ ಹೆಜ್ಜೇನು ಕಿತ್ತು ಕೈಲಿ ಹಿಂಡ್ತಾರೆ, ಅದರಲ್ಲಿ ಮರಿ, ಮೇಣ, ಕಸ ಎಲ್ಲ ಸೇರ್ತದೆ. ನಮ್ಮದು ಸ್ಟೀಲ್ ಯಂತ್ರ, ಸೋಸಿ ಬಾಟಲಿಗೆ ತುಂಬುವುದು. ನಮ್ಮ ಮನೆ ಹತ್ರ ಬಂದು ನೋಡಿ.

ಲ್ಯಾಬ್ ರೂಮ್
ನಿಮ್ಮ ಜೇನಿನ ಬಗ್ಗೆ ದೂರಲ್ಲ ಸಾರ್. ಕ್ಲೀನಾಗಿ ತೆಗೆದ್ರೆ ಕಸ ಕಮ್ಮಿ ಆಗುತ್ತೆ, ಒಪ್ತೀನಿ. ಆದ್ರೆ ಸ್ಪೋರ್ ಕಣ್ಣಿಗೆ ಕಾಣಲ್ಲ, ಬಟ್ಟೆ ಜರಡಿಲಿ ನಿಲ್ಲಲ್ಲ. ನಿಮ್ಮ ಹುಳ ನೀರು ಕುಡಿಯೋಕೆ ತೋಟದ ಕೆಸರಿಗೇ ಇಳಿಯುತ್ತೆ ಅಲ್ವಾ?

ಜೇನುಪೆಟ್ಟಿಗೆ, ಶಿರಸಿ
ಅದು ಹೌದು. ಅಡಿಕೆ ತೋಟದ ಕಾಲುವೆ ಬದಿಯೇ ಅವಕ್ಕೆ ಪ್ರೀತಿ. ಸರಿ, ದೊಡ್ಡವರು ತಿನ್ನಬಹುದು ಅಂತ ದಪ್ಪ ಅಕ್ಷರದಲ್ಲಿ ಬರೀರಿ ಅಷ್ಟೇ.

ಲ್ಯಾಬ್ ರೂಮ್
ದೊಡ್ಡವರು ತಿನ್ನಬಹುದು. ಒಂದು ವರ್ಷ ದಾಟಿದ ಮಕ್ಕಳೂ ತಿನ್ನಬಹುದು. ಆಯ್ತಾ 🙏

ಸರೋಜಮ್ಮ, ತುಮಕೂರು
ನನಗೆ ಶುಗರ್ ಇದೆ, ಜೇನುತುಪ್ಪ ಸಕ್ಕರೆಗಿಂತ ಒಳ್ಳೇದು ಅಂತಾರಲ್ಲ, ದಿನಾ ಬೆಳಿಗ್ಗೆ ಬಿಸಿನೀರಿಗೆ ಹಾಕಿ ಕುಡಿಯಬಹುದಾ?

ಬೆಣ್ಣೆದೋಸೆ
ಅಮ್ಮಾ ಇದು ಮಕ್ಕಳ ವಿಷ್ಯ.

ಸರೋಜಮ್ಮ, ತುಮಕೂರು
ನಾನೂ ಒಬ್ಬರ ಮಗಳೇ ಕಣಪ್ಪ

ಕಷಾಯ ಕಲಾ
ಕುದಿಸಿದ್ರೆ ಆ ವಿಷ ಹಾಳಾಗುತ್ತೆ ಅಂತ ನಾನು ಓದಿದೀನಿ. ಹತ್ತು ನಿಮಿಷ ಕುದಿಸಿದ್ರೆ ಸಾಕಂತೆ. ಪುಟ್ಟಿಅಮ್ಮ, ಜೇನನ್ನ ಕಷಾಯದಲ್ಲೇ ಹಾಕಿ ಚೆನ್ನಾಗಿ ಕುದಿಸಿ ಕೊಡಿ. (ಆಯುರ್ವೇದದಲ್ಲಿ ಜೇನು ಬಿಸಿ ಮಾಡ್ಬಾರ್ದು ಅಂತಾರೆ, ಅದು ಬೇರೆ ಮಾತು.)

ಲ್ಯಾಬ್ ರೂಮ್
@ಕಷಾಯ ಕಲಾ ನೀವು ಓದಿರೋದು ಸರಿ, ಆದ್ರೆ ಅದು ವಿಷದ ಮಾತು, ಸ್ಪೋರಿನ ಮಾತಲ್ಲ. ಕೆಟ್ಟುಹೋದ ಡಬ್ಬಿ ಆಹಾರದಲ್ಲಿ ವಿಷ ಮೊದಲೇ ತಯಾರಾಗಿರುತ್ತೆ, ಅದು ಕುದಿಸಿದ್ರೆ ಹಾಳಾಗುತ್ತೆ. ಜೇನಲ್ಲಿ ವಿಷ ಇರಲ್ಲ, ಇರೋದು ಬೀಜ. ಬೀಜ ಕುದಿಯೋ ನೀರಲ್ಲಿ ಗಂಟೆಗಟ್ಟಲೆ ಇದ್ರೂ ಬದುಕುತ್ತೆ. ಅದನ್ನ ಸಾಯಿಸೋಕೆ 121 ಡಿಗ್ರಿ ಬೇಕು, ಅದೂ ಒತ್ತಡದ ಹಬೆಯಲ್ಲಿ. ನಮ್ಮ ಲ್ಯಾಬಲ್ಲಿ ಆಟೋಕ್ಲೇವ್ ಇರೋದೇ ಅದಕ್ಕೆ. ಕಂಪನಿ ಜೇನನ್ನ ಪಾಶ್ಚರೈಸ್ ಮಾಡಿದೀವಿ ಅಂತಾರಲ್ಲ, ಅದು ಹುಳಿ ಬರದಿರಲಿ, ಬೇಗ ಹರಳು ಕಟ್ಟದಿರಲಿ ಅಂತ 60, 70 ಡಿಗ್ರಿ ಆಸುಪಾಸಲ್ಲಿ ಬಿಸಿ ಮಾಡೋದು. ಸ್ಪೋರಿಗೆ ಅದು ಬೆಚ್ಚಗಿನ ಸ್ನಾನ.

ಕಷಾಯ ಕಲಾ
ಹಂಗಾದ್ರೆ ಕುಕ್ಕರಲ್ಲಿ ಮೂರು ಸೀಟಿ ಹೊಡೆಸಿದ್ರೆ?

ಲ್ಯಾಬ್ ರೂಮ್
ಗೊತ್ತಿತ್ತು ಯಾರಾದ್ರೂ ಕೇಳ್ತಾರೆ ಅಂತ. ಕುಕ್ಕರೊಳಗೆ ಪಾತ್ರೆಲಿಟ್ಟ ಗಟ್ಟಿ ಜೇನಿನ ನಡುಭಾಗ ಎಷ್ಟು ಬಿಸಿ ಆಯ್ತು ಅಂತ ನಿಮಗೆ ಗೊತ್ತಾಗಲ್ಲ, ಒಣ ಸಕ್ಕರೆ ಪಾಕದೊಳಗೆ ಸ್ಪೋರ್ ಇನ್ನೂ ಹಠಮಾರಿ. ಅಷ್ಟೊತ್ತಿಗೆ ಜೇನು ಕಪ್ಪು ಕಾಕಂಬಿ ಆಗಿರುತ್ತೆ. ಯಾಕ್ರೀ ಇಷ್ಟು ಸರ್ಕಸ್ಸು.

ಫ್ರೀಮಾಂಟ್ ಸೊಸೆ
ನಾನು ಇಲ್ಲಿ ಬರೀ ಓದೋಳು, ಬರೆಯೋಳಲ್ಲ. ಈ ಟೈಟಲ್ ನೋಡಿ ಕೈ ನಡುಗ್ತು, ಅದಕ್ಕೆ ಬರೀತಿದೀನಿ. ಉದ್ದ ಆಗುತ್ತೆ, ಕ್ಷಮಿಸಿ.

ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ. ಬಾಣಂತನಕ್ಕೆ ಹಾಸನದಿಂದ ಅತ್ತೆ ಬಂದಿದ್ರು. ಮಗನಿಗೆ ಮೂರೂವರೆ ತಿಂಗಳಿದ್ದಾಗ ನೆಗಡಿ ಕೆಮ್ಮು ಬಂತು. ಅತ್ತೆ ಸೂಟ್‌ಕೇಸಲ್ಲಿ ತಂದಿದ್ದ ಜೇನನ್ನ ಕಿರುಬೆರಳಲ್ಲಿ ಒಂದು ವಾರ ನೆಕ್ಕಿಸಿದ್ರು, ನಾನೂ ನೋಡ್ತಾ ಕೂತಿದ್ದೆ, ಅವನು ಚಪ್ಪರಿಸ್ತಿದ್ದ, ಫೋಟೋ ಬೇರೆ ತೆಗೆದೆ. ಕೆಮ್ಮು ಹೋಯ್ತು, ಎಲ್ಲರೂ ಖುಷಿ.

ಅದಾಗಿ ಹತ್ತು ದಿನಕ್ಕೆ ಕಕ್ಕ ನಿಂತೋಯ್ತು. ಮೊದಲು ದಿನಕ್ಕೆ ಮೂರು ಸಲ ಮಾಡ್ತಿದ್ದೋನು. ಫೋನಲ್ಲಿ ಕೇಳಿದ್ರೆ ನರ್ಸ್ ಕಾಯಿರಿ ಅಂದ್ಲು. ಐದು ದಿನ ಆಯ್ತು. ಆರನೇ ದಿನ ಅವನ ಅಳು ಬದಲಾಯ್ತು. ಅಳ್ತಿದ್ದ, ಸೌಂಡ್ ಬರ್ತಿರಲಿಲ್ಲ, ಬೆಕ್ಕಿನ ಮರಿ ಥರ ಮಿಯಾಂ ಅನ್ನೋಷ್ಟೇ. ಅತ್ತೆ "ಎಷ್ಟು ಸಾಧು ಆಗ್ಬಿಟ್ಟಿದೆ ನೋಡು ಕೂಸು" ಅಂದ್ರು. ಮಾರನೇ ದಿನ ಬೆಳಿಗ್ಗೆ ಹಾಲು ಬಾಯಿಂದ ಪಕ್ಕಕ್ಕೆ ಸೋರ್ತಿತ್ತು, ಚೀಪೋಕೆ ಶಕ್ತಿನೇ ಇಲ್ಲ. ಎತ್ತಿಕೊಂಡ್ರೆ ಅಷ್ಟೊತ್ತಿಗೆ ಗಟ್ಟಿಯಾಗಿ ನಿಲ್ತಿದ್ದ ಕತ್ತು ಹಿಂದಕ್ಕೆ ಜೋತು ಬಿತ್ತು. ರೆಪ್ಪೆ ಅರ್ಧ ಇಳಿದಿತ್ತು. ನಗಿಸಿದ್ರೆ ಮುಖದಲ್ಲಿ ಏನೂ ಇಲ್ಲ. ಜ್ವರ ಇಲ್ಲ ನೋಡಿ, ಒಂದು ಡಿಗ್ರಿನೂ ಇಲ್ಲ.

ಎಮರ್ಜೆನ್ಸಿಗೆ ಓಡಿದ್ವಿ. ರಕ್ತ, ಬೆನ್ನಿನ ನೀರು, ತಲೆ ಸ್ಕ್ಯಾನ್, ಎಲ್ಲ ನಾರ್ಮಲ್. ಸಂಜೆ ಒಬ್ಬರು ನರಗಳ ಡಾಕ್ಟ್ರು ಬಂದು ಸುಮ್ನೆ ಒಂದು ಟಾರ್ಚ್ ಹಿಡಿದು ಕಣ್ಣಿಗೆ ಬಿಡೋದು, ತೆಗೆಯೋದು, ಮತ್ತೆ ಬಿಡೋದು, ಹೀಗೆ ಮಾಡ್ತಾನೇ ಇದ್ರು. ಮೊದಲು ಪಾಪೆ ಚಿಕ್ಕದಾಗ್ತಿತ್ತು, ಆಮೇಲಾಮೇಲೆ ಸುಸ್ತಾದ ಹಾಗೆ ನಿಧಾನ ಆಯ್ತು. ಆಗ ತಿರುಗಿ ನನ್ನ ಕೇಳಿದ ಮೊದಲ ಪ್ರಶ್ನೆ, ಜೇನು ಕೊಟ್ರಾ ಅಂತ. ನಾನು ಅತ್ತೆ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದ್ರು.

ಇದಕ್ಕೆ ಒಂದು ಔಷಧಿ ಇದೆ, ಬೇಬಿಬಿಗ್ ಅಂತ. ಲಸಿಕೆ ಹಾಕಿಸ್ಕೊಂಡ ವಾಲಂಟಿಯರ್‌ಗಳ ರಕ್ತದಿಂದ ತೆಗೆದ ಆಂಟಿಬಾಡಿ ಅದು, ಕ್ಯಾಲಿಫೋರ್ನಿಯಾ ಆರೋಗ್ಯ ಇಲಾಖೆಯವರೇ ಕೊಡೋದು. ಟೆಸ್ಟ್ ರಿಪೋರ್ಟಿಗೆ ಕಾಯಲಿಲ್ಲ, ಅನುಮಾನದ ಮೇಲೇ ಮಾರನೇ ರಾತ್ರಿ ತರಿಸಿ ರಕ್ತನಾಳದ ಮೂಲಕ ಹಾಕಿದ್ರು. ಕಾದಿದ್ರೆ ಕಷ್ಟ ಇತ್ತು, ಯಾಕಂದ್ರೆ ಟೆಸ್ಟಿಗೆ ಬೇಕಾಗಿದ್ದು ಕಕ್ಕ, ಅವನು ಮಾಡ್ತಿರಲಿಲ್ಲ! ಕೊನೆಗೆ ಎನಿಮಾ ಕೊಟ್ಟು ಚೂರು ತೆಗೆದ್ರು, ಪಾಸಿಟಿವ್ ಅಂತ ಬರೋಕೆ ಇನ್ನೂ ಕೆಲವು ದಿನ ಹಿಡೀತು. ಅಷ್ಟರಲ್ಲಿ ಉಸಿರಾಟದ ಸ್ನಾಯುಗೂ ಬಂದು ಆರು ದಿನ ವೆಂಟಿಲೇಟರ್, ಮೂಗಿನ ಟ್ಯೂಬಲ್ಲಿ ಹಾಲು. ಒಟ್ಟು 24 ದಿನ ಆಸ್ಪತ್ರೆ. ಮನೆಗೆ ಬಂದ್ಮೇಲೂ ಕತ್ತು ಸರಿಯಾಗಿ ನಿಲ್ಲೋಕೆ ಎರಡು ಮೂರು ತಿಂಗಳಾಯ್ತು. ಈಗ ಆರು ವರ್ಷ, ಮನೆ ಕಿತ್ತು ಗುಡ್ಡೆ ಹಾಕ್ತಾನೆ.

ಪುಟ್ಟಿಅಮ್ಮ, ಮೈಸೂರು
ಓದಿ ಹೊಟ್ಟೆಯೊಳಗೆ ತಣ್ಣಗಾಯ್ತು. ನಮ್ಮ ಪಾಪುನೂ ನಿನ್ನೆಯಿಂದ ಕಕ್ಕ ಮಾಡಿಲ್ಲ!! ಯಾರಾದ್ರೂ ಡಾಕ್ಟ್ರು ಇದ್ರೆ ಹೇಳಿ ಪ್ಲೀಸ್

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಗಾಬರಿ ಆಗ್ಬೇಡಿ ತಾಯಿ. ಮೊದಲು ಒಂದು ಕೇಳ್ತೀನಿ. ಹಾಲು ಮೊದಲಿನ ಹಾಗೇ ಜೋರಾಗಿ ಚೀಪ್ತಾ ಇದೆಯಾ? ಅಳು ಜೋರಾಗಿದೆಯಾ? ಎತ್ತಿದ್ರೆ ಕತ್ತು ನಿಲ್ಲುತ್ತಾ, ನಿಮ್ಮನ್ನ ನೋಡಿ ನಗುತ್ತಾ?

ಪುಟ್ಟಿಅಮ್ಮ, ಮೈಸೂರು
ಹೂಂ ಸರ್, ಅಳು ಅಂತೂ ಪಕ್ಕದ ಮನೆಗೆ ಕೇಳುತ್ತೆ. ಹಾಲು ಕುಡಿಯುತ್ತೆ. ಈಗ ತಾನೇ ನನ್ನ ಕನ್ನಡಕ ಕಿತ್ಕೊಂಡ್ಲು.

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಹಾಗಿದ್ರೆ ಈಗ ಏನೂ ಆಗಿಲ್ಲ. ಎದೆಹಾಲು ಕುಡಿಯೋ ಈ ವಯಸ್ಸಿನ ಮಗು ನಾಲ್ಕೈದು ದಿನ ಕಕ್ಕ ಮಾಡದೆ ಇದ್ದು ಆಮೇಲೆ ಮೆತ್ತಗೆ ಮಾಡಿದ್ರೆ ಅದು ಮಾಮೂಲಿ, ಅದೊಂದನ್ನೇ ಹಿಡ್ಕೊಂಡು ಹೆದರಬಾರದು. ಮಲಬದ್ಧತೆ ಜೊತೆಗೆ ಅಳು ಸಣ್ಣ ಆಯ್ತು, ಚೀಪೋದು ಕಮ್ಮಿ ಆಯ್ತು, ರೆಪ್ಪೆ ಇಳೀತು, ಕತ್ತು ಜೋತು ಬಿತ್ತು ಅಂದ್ರೆ, ರಾತ್ರಿ ಎರಡು ಗಂಟೆ ಆದ್ರೂ ಮಕ್ಕಳ ಐಸಿಯು ಇರೋ ಆಸ್ಪತ್ರೆಗೆ ಹೋಗಿ. ಇದು ಮೇಲಿಂದ ಕೆಳಗೆ ಇಳಿಯುತ್ತೆ, ಮೊದಲು ಕಣ್ಣು ಮುಖ ಗಂಟಲು, ಆಮೇಲೆ ಕತ್ತು ಕೈ ಕಾಲು. ಫ್ರೀಮಾಂಟಿನವರು ಬರೆದಿರೋದನ್ನ ನಮ್ಮ ಜೂನಿಯರ್‌ಗಳಿಗೆ ಓದಿಸ್ಬೇಕು, ಅಷ್ಟು ಸರಿಯಾಗಿ ಹೇಳಿದಾರೆ.

ಈಗಾಗ್ಲೇ ಕೊಟ್ಟಿರೋದಕ್ಕೆ: ವಾಂತಿ ಮಾಡಿಸೋದು, ಭೇದಿಗೆ ಕೊಡೋದು, ಸುಮ್ನೆ ಟೆಸ್ಟ್ ಮಾಡಿಸೋದು, ಯಾವುದೂ ಬೇಡ. ಕೊಟ್ಟ ಬಹುಪಾಲು ಮಕ್ಕಳಿಗೆ ಏನೂ ಆಗಲ್ಲ. ಇವತ್ತಿಗೆ ನಿಲ್ಲಿಸಿ. ಲಕ್ಷಣ ಬರೋದಾದ್ರೆ ಮೂರು ದಿನದಿಂದ ಸುಮಾರು ಒಂದು ತಿಂಗಳೊಳಗೆ, ಅದಕ್ಕೆ ಕ್ಯಾಲೆಂಡರಲ್ಲಿ ಕೊನೇ ಸಲ ಕೊಟ್ಟ ದಿನ ಗುರುತು ಮಾಡಿ ಮುಂದಿನ ನಾಲ್ಕು ವಾರ ಕಣ್ಣಿಟ್ಟಿರಿ.

ಒಂದು ಮಾತು ಮುಖ್ಯವಾಗಿ. ಆಸ್ಪತ್ರೆಗೆ ಹೋಗೋ ಪ್ರಮೇಯ ಬಂದ್ರೆ ಬಾಗಿಲಲ್ಲೇ "ಜೇನು ಕೊಟ್ಟಿದ್ವಿ" ಅಂತ ಹೇಳಿ. ನಮ್ಮಲ್ಲಿ ಹಾಲು ಕುಡಿಯದೆ ಸಪ್ಪಗಾದ ಮಗು ಬಂದ್ರೆ ಮೊದಲು ಅನುಮಾನ ಪಡೋದು ರಕ್ತದ ಸೋಂಕು, ತಕ್ಷಣ ಶುರು ಮಾಡೋ ಔಷಧಿಗಳಲ್ಲಿ ಜೆಂಟಾಮೈಸಿನ್, ಅಮಿಕಾಸಿನ್ ಇರುತ್ತೆ. ಸೋಂಕಿಗೆ ಒಳ್ಳೇ ಔಷಧಿನೇ. ಆದ್ರೆ ಇವೂ ನರ ಸ್ನಾಯು ಸೇರೋ ಜಾಗದಲ್ಲೇ ಸಿಗ್ನಲ್ ಕುಗ್ಗಿಸ್ತವೆ, ಬಾಟುಲಿಸಮ್ ಇದ್ದ ಮಗುಗೆ ಕೊಟ್ರೆ ಉಸಿರಾಟ ಇನ್ನೂ ಬೇಗ ನಿಲ್ಲಬಹುದು. ಜೇನಿನ ವಿಷ್ಯ ಗೊತ್ತಿದ್ರೆ ಡಾಕ್ಟ್ರು ಬೇರೆ ಆಂಟಿಬಯಾಟಿಕ್ ಆರಿಸ್ತಾರೆ. ಮನೆಯವರು ಬೈತಾರೆ ಅಂತ ಮುಚ್ಚಿಡೋದರಿಂದ ಆಗೋ ನಷ್ಟ ಇದು.

ರಾಯಚೂರ ಅಣ್ಣ
ಡಾಕ್ಟರ್ ಸಾಹೇಬ್ರ, ಒಂದ ಮಾತ ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ಸಾವಿರಾರು ವರ್ಷದಿಂದ ನಮ್ಮ ಮಂದಿ ಹುಟ್ಟಿದ ಕೂಸಿಗೆ ಜೇನು ನೆಕ್ಕಿಸ್ಕೋತ ಬಂದಾರ. ಇಷ್ಟ ಅಪಾಯ ಇದ್ದಿದ್ರ ನಾವು ಯಾರೂ ಇರ್ತಿರ್ಲಿಲ್ಲಲ್ಲ?

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಸಿಟ್ಟೇನಿಲ್ಲ ಅಣ್ಣ. ಇದು ಅಪರೂಪದ ಕಾಯಿಲೆ, ಅದಕ್ಕೇ ನಾವೆಲ್ಲ ಇದ್ದೀವಿ. ಆದ್ರೆ ಇದಕ್ಕೊಂದು ಹೆಸರು ಬಂದಿದ್ದೇ 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಜೇನಿಗೂ ಅದಕ್ಕೂ ನಂಟಿದೆ ಅಂತ ಪ್ರಕಟ ಆಗಿದ್ದು 1979. ಅದಕ್ಕೆ ಮುಂಚೆ ಅಮೆರಿಕದಲ್ಲೂ ಯಾರಿಗೂ ಗೊತ್ತಿರಲಿಲ್ಲ. ನಮ್ಮಜ್ಜಿಗೆ ಹನ್ನೊಂದು ಹೆರಿಗೆ, ಉಳಿದಿದ್ದು ಆರು. ಉಳಿದ ಐದು ಯಾಕೆ ಹೋದ್ವು ಅಂದ್ರೆ "ಕೂಸು ಹಾಲು ಬಿಡ್ತು, ಬಾಡ್ತು, ಹೋಯ್ತು" ಅಂತಿದ್ರು, ಅಷ್ಟೇ. ಕಾರಣ ಯಾರು ಬರೆದಿಟ್ಟಿದ್ರು?

ರಾಯಚೂರ ಅಣ್ಣ
ಆ ಐದೂ ಜೇನಿನಿಂದನ ಹೋದ್ವು ಅಂತ ನೀವೂ ಹೇಳಾಕ ಬರಂಗಿಲ್ಲಲ್ರಿ.

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಬರಲ್ಲ. ಒಂದೂ ಅದರಿಂದ ಹೋಗಿರದೆ ಇರಬಹುದು. ಬದುಕಿರೋರನ್ನ ನೋಡಿ ಅಪಾಯ ಇಲ್ಲ ಅನ್ನೋಕೂ ಬರಲ್ಲ, ಅಷ್ಟೇ ನನ್ನ ಮಾತು.

ಅನುಮಾನ ಅನಂತು
ಫ್ರೀಮಾಂಟ್ ಮೇಡಂ, ಜೇನಿನಿಂದಲೇ ಬಂತು ಅಂತ ಸಾಬೀತಾಯ್ತಾ? ಬಾಟಲಿ ಟೆಸ್ಟ್ ಮಾಡಿದ್ರಾ? ಕೇಳ್ತಿರೋದು ಯಾಕಂದ್ರೆ ನಾನು ಓದಿದ ಪ್ರಕಾರ ಅಮೆರಿಕದಲ್ಲಿ ಈ ಕಾಯಿಲೆ ಬಂದ ಹೆಚ್ಚಿನ ಮಕ್ಕಳು ಜೇನೇ ತಿಂದಿಲ್ಲ.

ಫ್ರೀಮಾಂಟ್ ಸೊಸೆ
ಸಾಬೀತಾಗಲಿಲ್ಲ. ನಾವು ಆಸ್ಪತ್ರೆಲಿದ್ದಾಗ ಅತ್ತೆ ಅಳ್ತಾ ಅಳ್ತಾ ಬಾಟಲಿನ ಕಸಕ್ಕೆ ಎಸೆದುಬಿಟ್ಟಿದ್ರು. ಆರೋಗ್ಯ ಇಲಾಖೆಯವರು ಒಂದು ಗಂಟೆ ಪ್ರಶ್ನೆ ಕೇಳಿದ್ರು, ಪಕ್ಕದ ಸೈಟಲ್ಲಿ ಆಗ ಮಣ್ಣು ಅಗೀತಿದ್ದಿದ್ದನ್ನೂ ಬರ್ಕೊಂಡ್ರು. ಧೂಳೂ ಇರಬಹುದು, ಜೇನೂ ಇರಬಹುದು. ಅತ್ತೆ ಇವತ್ತಿಗೂ ಆ ಮಾತು ಬಂದ್ರೆ ಎದ್ದು ಒಳಗೆ ಹೋಗ್ತಾರೆ. ನಾನು ಅವರನ್ನ ಒಂದು ದಿನಾನೂ ಬೈದಿಲ್ಲ, ಫೋಟೋ ತೆಗೆದೋಳು ನಾನೇ ಅಲ್ವಾ.

ಲ್ಯಾಬ್ ರೂಮ್
@ಅನುಮಾನ ಅನಂತು ನಿಮ್ಮ ಮಾತು ಸರಿ, ಬಹಳಷ್ಟು ಕೇಸಲ್ಲಿ ಮೂಲ ಸಿಗೋದೇ ಇಲ್ಲ, ಧೂಳು ಅಂದ್ಕೊಳ್ತಾರೆ. ಆದ್ರೆ ಧೂಳನ್ನ ನಿಲ್ಲಿಸೋಕೆ ನಮ್ಮ ಕೈಲಾಗಲ್ಲ. ತಿನ್ನೋ ಪದಾರ್ಥದಲ್ಲಿ ಗಟ್ಟಿಯಾಗಿ ನಂಟು ಸಿಕ್ಕಿದ್ದು ಜೇನಿನದು, ಅದನ್ನ ನಿಲ್ಲಿಸೋದು ನಮ್ಮ ಕೈಲೇ ಇದೆ.

ವೈದ್ಯಮನೆ
ನಾನು ಬಿಎಎಂಎಸ್. ಇಲ್ಲಿ ಎಲ್ಲರೂ ಅಜ್ಜಿಯರ ಮೇಲೆ ಬೀಳ್ತಿದೀರ, ಹಾಗಾಗಿ ಕೇಳ್ತೀನಿ, ಸ್ವರ್ಣಪ್ರಾಶನದ ಕಥೆ ಏನು? ಪುಷ್ಯ ನಕ್ಷತ್ರದ ದಿನ ಹನಿ ಹಾಕಿಸೋಕೆ ಸಾಲುಗಟ್ಟಿ ನಿಲ್ತಾರೆ, ಜೇನು, ತುಪ್ಪ ಎರಡೂ ಸೇರಿಸಿಯೇ ಅದನ್ನ ಮಾಡೋದು. ಕೊಡೋದು ಎರಡು ನಾಲ್ಕು ಹನಿ. ನಾನೇ ಎಷ್ಟೋ ಮಕ್ಕಳಿಗೆ ಹಾಕಿದೀನಿ, ಒಂದು ತೊಂದರೆನೂ ನೋಡಿಲ್ಲ. ಪ್ರಮಾಣ ಅನ್ನೋದು ಮುಖ್ಯ.

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಪ್ರಮಾಣದ ಮಾತು ವಿಷಕ್ಕೆ ಸರಿ ಡಾಕ್ಟ್ರೇ, ಬೀಜಕ್ಕೆ ಅಲ್ಲ. ಒಳಗೆ ಹೋಗಿ ತಾನೇ ಬೆಳೆಯೋದಕ್ಕೆ ಎರಡು ಹನಿ ಕಮ್ಮಿ ಅಂತ ಇಲ್ಲ. ಇನ್ನು ನೀವು ನೋಡಿಲ್ಲ ಅನ್ನೋದು. ಹನಿ ಹಾಕಿಸ್ಕೊಂಡ ಮಗು ಮೂರು ವಾರಕ್ಕೆ ಸಪ್ಪಗಾದ್ರೆ ನಿಮ್ಮ ಹತ್ರ ಬರಲ್ಲ, ನನ್ನಂಥೋರ ಹತ್ರ ಬರುತ್ತೆ, ನಾವು ರಕ್ತದ ಸೋಂಕು, "ಸೆಪ್ಸಿಸ್" ಅಂತ ಬರೀತೀವಿ. ಕಕ್ಕದಲ್ಲಿ ಈ ವಿಷ ಹುಡುಕೋ ಟೆಸ್ಟ್ ಊರೂರಲ್ಲಿ ಎಲ್ಲಿದೆ ಹೇಳಿ. ನಾನೂ ನನ್ನ ಸರ್ವಿಸಲ್ಲಿ ಪಕ್ಕಾ ಅಂತ ಹೇಳಬಹುದಾದ ಕೇಸ್ ನೋಡಿಲ್ಲ. ಒಂದು ಮಗು ಮೇಲೆ ಮಾತ್ರ ಇವತ್ತಿಗೂ ಅನುಮಾನ ಇದೆ.

ವೈದ್ಯಮನೆ
ನೋಡಿಲ್ಲ ಅಂತ ನೀವೇ ಒಪ್ತಿದೀರ. ನಾನು ವರ್ಷದೊಳಗಿನ ಮಕ್ಕಳಿಗೆ ತುಪ್ಪದಲ್ಲಷ್ಟೇ ಕೊಡೋ ಬಗ್ಗೆ ಯೋಚಿಸ್ತೀನಿ, ಆದ್ರೆ ಇಡೀ ಸಂಸ್ಕಾರವನ್ನೇ ತಪ್ಪು ಅನ್ನೋದನ್ನ ಒಪ್ಪಲ್ಲ.

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಜೇನು ಬಿಟ್ರೆ ಈ ಮಾತಿಗೆ ಸಂಬಂಧಪಟ್ಟಷ್ಟು ನನ್ನ ತಕರಾರು ಇಲ್ಲ. ಚಿನ್ನದ ಭಸ್ಮದ ತಕರಾರು ಇನ್ನೊಂದು ದಿನ ಆಡೋಣ.

ಹೊಸ ಅಪ್ಪ
ನಮ್ಮವನಿಗೆ ಹನ್ನೊಂದೂವರೆ ತಿಂಗಳು. ಇನ್ನು ಹದಿನೈದು ದಿನಕ್ಕೆ ಏನು ವ್ಯತ್ಯಾಸ ಆಗುತ್ತೆ? ಬರ್ತ್‌ಡೇ ಕೇಕ್ ಕಟ್ ಮಾಡಿದ ತಕ್ಷಣ ಕರುಳು ರೆಡಿ ಆಗ್ಬಿಡುತ್ತಾ 😅

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಸ್ವಿಚ್ ಅಲ್ಲ. ಬಹಳಷ್ಟು ಕೇಸ್ ಆರು ತಿಂಗಳೊಳಗೇ ಆಗೋದು, ಆಮೇಲೆ ಕಮ್ಮಿ ಆಗ್ತಾ ಬರುತ್ತೆ. 12 ತಿಂಗಳು ಅನ್ನೋದು ಹುಷಾರಿಗೆ ಎಳೆದ ಗೆರೆ. ಹದಿನೈದು ದಿನ ಕಾದ್ರೆ ನಿಮ್ಮ ಗಂಟೇನು ಹೋಗಲ್ಲ.

ಬಾಣಂತಿ ರೂಮಿಂದ
ನಾನು ಎದೆಹಾಲು ಕುಡಿಸ್ತಿದೀನಿ, ನಾನು ಜೇನು ತಿಂದ್ರೆ ಹಾಲಲ್ಲಿ ಹೋಗುತ್ತಾ? ಅಂಟಿನುಂಡೆ ಬಿಟ್ಟು ಬೇರೆ ಸಿಹಿನೇ ಇಲ್ಲ ನಂಗೆ.

ಲ್ಯಾಬ್ ರೂಮ್
ಹೋಗಲ್ಲ, ಆರಾಮಾಗಿ ತಿನ್ನಿ. ಸ್ಪೋರ್ ನಿಮ್ಮ ಕರುಳಿಂದ ಹಾಲಿಗೆ ದಾಟಲ್ಲ. ತಿಂದ ಕೈ ತೊಳೀರಿ, ಮೊಲೆತೊಟ್ಟಿಗೆ, ನಿಪ್ಪಲ್ಲಿಗೆ ಜೇನು ಸವರಿ ಕುಡಿಸೋದು ಮಾಡ್ಬೇಡಿ.

ಹೊಸ ಅಪ್ಪ
ಜೇನು ಹಾಕಿರೋ ಬಿಸ್ಕತ್ತು?

ಲ್ಯಾಬ್ ರೂಮ್
ನಾನಾದ್ರೆ ಕೊಡಲ್ಲ. ಬಿಸ್ಕತ್ತು ಬೇಯಿಸಿದ್ರೂ ಸ್ಪೋರ್ ಸಾಯುತ್ತೆ ಅಂತ ಲೆಕ್ಕ ಹಾಕೋಕೆ ಬರಲ್ಲ.

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ನಾನೂ ಬೇಡ ಅಂತೀನಿ, ಆದ್ರೆ ಕಾರಣ ಬೇರೆ. ಆ ವಯಸ್ಸಿಗೆ ಬಿಸ್ಕತ್ತೇ ಯಾಕೆ? ತಿಳಿಯದೆ ಅರ್ಧ ತಿಂದಿದ್ರೆ ಅದಕ್ಕೆ ನಿದ್ದೆ ಕೆಡಿಸ್ಕೊಳ್ಳೋದು ಬೇಡ.

ಪುಟ್ಟಿಅಮ್ಮ, ಮೈಸೂರು
ಸರ್, ಜೇನು ಬೇಡ, ಸಿರಪ್ ಬೇಡ, ಹಾಗಾದ್ರೆ ಕೆಮ್ಮಿಗೆ ಏನ್ ಮಾಡ್ಲಿ? ರಾತ್ರಿ ಮೂರು ಸಲ ಏಳ್ತಾಳೆ.

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಸಿರಪ್ ಬೇಡ ಅನ್ನೋದು ಸರಿ. ಎರಡು ವರ್ಷದೊಳಗೆ ಕೆಮ್ಮು ನೆಗಡಿ ಸಿರಪ್ ಕೊಡ್ಬೇಡಿ ಅಂತ 2025ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರದವರೇ ಹೇಳಿದಾರೆ. ನಿಮ್ಮ ಮಗಳದು ಮೂಗಿನ ಸೋರಿಕೆ ಗಂಟಲಿಗೆ ಇಳಿದು ಬರೋ ಕೆಮ್ಮು ಇರಬಹುದು, ಮಲಗಿದಾಗ ಜಾಸ್ತಿ ಅಂತೀರಲ್ಲ. ಮೆಡಿಕಲ್ ಶಾಪಲ್ಲಿ ಉಪ್ಪುನೀರಿನ ಮೂಗಿನ ಡ್ರಾಪ್ಸ್ ಸಿಗುತ್ತೆ, ಬರೀ ಸಲೈನ್ ಅಂತ ನೋಡಿ ತನ್ನಿ, ಮೂಗು ಬಿಡಿಸೋ ಬೇರೆ ಔಷಧಿ ಇರೋದು ಬೇಡ. ಹಾಲು ಕುಡಿಸೋಕೆ ಮುಂಚೆ, ಮಲಗಿಸೋಕೆ ಮುಂಚೆ ಹೊಳ್ಳೆಗೆ ಒಂದೆರಡು ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಒರೆಸಿ. ಎದೆಹಾಲು ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ಆರು ತಿಂಗಳು ತುಂಬೋ ತನಕ ತುಳಸಿ ರಸನೂ ಬೇಡ, ದೊಡ್ಡಪತ್ರೆನೂ ಬೇಡ. ಸಾಂಬ್ರಾಣಿ ಹೊಗೆ ಹಾಕ್ತಿದ್ರೆ ಅದನ್ನ ಮೊದಲು ನಿಲ್ಲಿಸಿ, ಎಷ್ಟೋ ಮನೆಲಿ ಕೆಮ್ಮು ಹೋಗದೆ ಇರೋಕೆ ಅದೇ ಕಾರಣ.

ಕೆಮ್ಮಿನ ಸದ್ದಿಗಿಂತ ಉಸಿರು ನೋಡಿ. ಮಲಗಿದ್ದಾಗ ಬಟ್ಟೆ ಎತ್ತಿ, ಗಡಿಯಾರ ಹಿಡ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಈ ವಯಸ್ಸಿಗೆ 50 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ, ಪಕ್ಕೆ ಕೆಳಗೆ ಒಳಕ್ಕೆ ಎಳೀತಿದ್ರೆ, ಹಾಲು ಬಿಟ್ರೆ, ತಡ ಮಾಡ್ದೆ ತೋರಿಸಿ.

ಕಷಾಯ ಕಲಾ
ಜೇನು ಕೆಮ್ಮಿಗೆ ಕೆಲಸ ಮಾಡುತ್ತೆ ಅನ್ನೋದೇ ಸುಳ್ಳಾ ಹಾಗಾದ್ರೆ?

ಮಕ್ಕಳ ಡಾಕ್ಟ್ರು, ಶಿವಮೊಗ್ಗ
ಸುಳ್ಳಲ್ಲ, ಅಜ್ಜಿಯರು ಅಲ್ಲಿ ಸರಿ. 2007ರಲ್ಲಿ ಅಮೆರಿಕದಲ್ಲಿ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಮಲಗೋ ಮುಂಚೆ ಜೇನು ಕೊಟ್ಟು ನೋಡಿದಾಗ ಏನೂ ಕೊಡದೆ ಇದ್ದೋರಿಗಿಂತ ರಾತ್ರಿ ಕೆಮ್ಮು ಕಮ್ಮಿ ಇತ್ತು. ನಾನೇ ವರ್ಷ ದಾಟಿದ ಮಕ್ಕಳಿಗೆ ಮಲಗೋ ಮುಂಚೆ ಅರ್ಧ ಚಮಚ ಅಂತ ಹೇಳ್ತೀನಿ, ಹಲ್ಲು ಒರೆಸಿ ಅಂತಾನೂ ಹೇಳ್ತೀನಿ.

ಜೇನುಪೆಟ್ಟಿಗೆ, ಶಿರಸಿ
ಅಂತೂ ಒಂದು ಒಳ್ಳೆ ಮಾತು ಬಂತು. ನಾನು ಮುಂದಿನ ಸೀಸನ್‌ನಿಂದ ಲೇಬಲ್ಲಿನಲ್ಲಿ "1 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ" ಅಂತ ಅಚ್ಚು ಹಾಕಿಸ್ತೇನೆ. ಹೆಂಡತಿ, ಗಿರಾಕಿ ಓಡಿಹೋಗ್ತಾರೆ ಅಂತಾಳೆ. ನೋಡುವ.

ಬೆಣ್ಣೆದೋಸೆ
ಸಾರ್ ತುಡುವೆ ಕೆಜಿ ಎಷ್ಟು? ಬೆಂಗಳೂರಿಗೆ ಕಳಿಸ್ತೀರಾ?

ಜೇನುಪೆಟ್ಟಿಗೆ, ಶಿರಸಿ
ಮೆಸೇಜ್ ಹಾಕಿ. ಈ ಸಲ ಮಳೆ ಜಾಸ್ತಿಯಾಗಿ ಬೆಳೆ ಕಮ್ಮಿ.

ಪುಟ್ಟಿಅಮ್ಮ, ಮೈಸೂರು
ಅಪ್ಡೇಟ್. ಇವತ್ತು ಬೆಳಿಗ್ಗೆ ಪಾಪು ಕಕ್ಕ ಮಾಡಿದ್ಲು, ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ 😂 ಉಸಿರು ಎಣಿಸಿದೆ, 38 ಬಂತು. ಫ್ರೀಮಾಂಟ್ ಅಕ್ಕ ಬರೆದಿದ್ದನ್ನ ಅತ್ತೆಗೆ ಓದಿ ಹೇಳಿದೆ. ಬೆಕ್ಕಿನ ಮರಿ ಥರ ಅಳ್ತಿತ್ತು ಅನ್ನೋ ಹತ್ರ ಬಂದಾಗ "ಸಾಕು ನಿಲ್ಸು" ಅಂದ್ರು. ಆಮೇಲೆ ಏನೂ ಮಾತಾಡಲಿಲ್ಲ. ಸಂಜೆ ನೋಡಿದ್ರೆ ಜೇನಿನ ಬಾಟಲಿ ಅಡುಗೆಮನೆ ಮೇಲಿನ ಶೆಲ್ಫಿಗೆ ಹೋಗಿದೆ, ಕ್ಯಾಲೆಂಡರಲ್ಲಿ ಮುಂದಿನ ತಿಂಗಳ ಒಂದು ತಾರೀಖಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದೆ. ನಾನು ಹಾಕಿದ್ದಲ್ಲ.

ಸರೋಜಮ್ಮ, ತುಮಕೂರು
ನನ್ನ ಶುಗರ್ ವಿಷ್ಯ ಯಾರೂ ಹೇಳಲಿಲ್ಲ

ಲ್ಯಾಬ್ ರೂಮ್
ಅಮ್ಮಾ, ಜೇನೂ ಸಕ್ಕರೆನೇ, ಶುಗರ್ ಏರುತ್ತೆ. ಬರೀ ಬಿಸಿನೀರು ಕುಡೀರಿ.